ಹೊಸಬರಿಗೆ ಮಾರ್ಗದರ್ಶಿ: ಉಚಿತ ಟ್ರಯಲ್‌ಗೆ ನಿಮ್ಮ ಅಸಲಿ ಕಾರ್ಡ್ ಕೊಡಬೇಡಿ

ಅಮೆರಿಕಕ್ಕೆ ಬಂದ ಮೊದಲ ತಿಂಗಳಲ್ಲೇ ಟಿವಿಗೊಂದು, ಮಕ್ಕಳ ಓದಿಗೊಂದು, ದಿನಸಿ ಡೆಲಿವರಿಗೊಂದು ಅಂತ ನಾಲ್ಕೈದು ಟ್ರಯಲ್ ಶುರು ಮಾಡಿರುತ್ತೀರಿ. ದುಡ್ಡು ಹೋಗುವ ಮೊದಲು ಓಟಿಪಿಯೋ ಸೂಚನೆಯೋ ಬಂದೇ ಬರುತ್ತದೆ ಅನ್ನುವ ನಂಬಿಕೆ ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ. ಭಾರತದಲ್ಲಿ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ: ಪ್ರತಿ ತಿಂಗಳು ಕಡಿತವಾಗುವ ಮೊತ್ತಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು. ಇಲ್ಲಿ ಅಂಥದ್ದು ಕಾಯಬೇಡಿ. ಕಾರ್ಡ್ ನಂಬರ್ ಒಮ್ಮೆ ಕೊಟ್ಟರೆ ಟ್ರಯಲ್ ಮುಗಿದ ದಿನ ಸದ್ದಿಲ್ಲದೆ ಕಡಿತವಾಗುತ್ತದೆ. ಸ್ಟೇಟ್‌ಮೆಂಟ್ ನೋಡದವರಿಗೆ ಅದು ಗೊತ್ತಾಗುವುದೂ ಇಲ್ಲ.

ಇದಕ್ಕೆ ಉಪಾಯ ವರ್ಚುವಲ್ ಕಾರ್ಡ್. ಪ್ಲಾಸ್ಟಿಕ್ ಇಲ್ಲ, ಬರೀ ನಂಬರ್, ಅವಧಿ, ಸಿವಿವಿ. Privacy.com ಇದನ್ನು ನಿಮ್ಮ ಅಮೆರಿಕದ ಬ್ಯಾಂಕ್ ಖಾತೆಗೆ ಜೋಡಿಸಿ ಕೊಡುತ್ತದೆ, ಅದರಿಂದ ಎಷ್ಟು ದುಡ್ಡು ಹೋಗಬಹುದು ಅನ್ನುವ ಮಿತಿಯನ್ನು ನೀವೇ ಇಡಬಹುದು. ಕೆಲವು ಕ್ರೆಡಿಟ್ ಕಾರ್ಡ್ ಬ್ಯಾಂಕುಗಳೂ ಕೊಡುತ್ತವೆ. ಒಂದೊಂದು ಟ್ರಯಲ್‌ಗೆ ಒಂದೊಂದು ಕಾರ್ಡ್ ಮಾಡಿ, ಸೇವೆಯ ಹೆಸರನ್ನೇ ಅದಕ್ಕೆ ಇಡಿ. ಒಂದೇ ಕಾರ್ಡನ್ನು ಎಲ್ಲಕ್ಕೂ ಕೊಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಮಿತಿ ಎಷ್ಟಿಡಬೇಕು

ಹೆಚ್ಚಿನವರು ಎಡವುವುದು ಇಲ್ಲಿಯೇ. ಚಂದಾ 14.99 ಡಾಲರ್ ಅಂತ ನೋಡಿ ಮಿತಿಯನ್ನೂ 15 ಅಂತ ಇಡುತ್ತಾರೆ, ಅದರ ಮೇಲೆ "ತಿಂಗಳಿಗೆ" ಅಂತ ಆರಿಸುತ್ತಾರೆ. ಆಗ ತೆರಿಗೆ ಇಲ್ಲದ ಕಡೆ ಪ್ರತಿ ತಿಂಗಳೂ 14.99 ಸಲೀಸಾಗಿ ಹೋಗುತ್ತಲೇ ಇರುತ್ತದೆ. ನಾವು ಇಡಬೇಕಾದ ಮಿತಿ ಚಂದಾಗಿಂತ ಬಹಳ ಕಡಿಮೆ ಇರಬೇಕು, ಅದೂ ತಿಂಗಳ ಲೆಕ್ಕದ್ದಲ್ಲ, ಒಟ್ಟು ಲೆಕ್ಕದ್ದು.

ಹಾಗಂತ ಸೊನ್ನೆಗೆ ಇಳಿಸಬೇಡಿ. ನೋಂದಣಿಯ ಹೊತ್ತಿಗೆ ಕಾರ್ಡ್ ಜೀವಂತ ಇದೆಯೋ ಅಂತ ನೋಡಲು ಕೆಲವು ಸೇವೆಗಳು 1 ಡಾಲರ್ ತಡೆಹಿಡಿದು ಆಮೇಲೆ ಬಿಡುತ್ತವೆ. ಒಟ್ಟು ಮಿತಿ 2 ಡಾಲರ್ ಇಟ್ಟರೆ ಆ ತಪಾಸಣೆ ದಾಟುತ್ತದೆ, ಚಂದಾ ದಾಟುವುದಿಲ್ಲ.

ಮಾರ್ಚ್ 3ಕ್ಕೆ 30 ದಿನದ ಟ್ರಯಲ್ ಶುರು ಮಾಡಿದಿರಿ ಅನ್ನಿ. ಅಂದು ಆ್ಯಪ್‌ನಲ್ಲಿ 1 ಡಾಲರ್ "ಪೆಂಡಿಂಗ್" ಕಾಣಿಸಿ, ಕೆಲ ದಿನಕ್ಕೆ ಮಾಯವಾಗುತ್ತದೆ. ಅದು ಖರ್ಚಲ್ಲ, ಗಾಬರಿ ಬೇಡ. ಏಪ್ರಿಲ್ 2ರ ಸುಮಾರಿಗೆ 14.99 ಕೇಳುತ್ತಾರೆ, ಕಾರ್ಡ್ ನಿರಾಕರಿಸುತ್ತದೆ, "ಪಾವತಿ ವಿಫಲ" ಎಂಬ ಇಮೇಲ್ ಬರುತ್ತದೆ. ಮುಂದಿನ ದಿನಗಳಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ಆಗ ಪಾಪ ಅನ್ನಿಸಿ ಮಿತಿ ಏರಿಸಿದರೆ ಮುಂದಿನ ಪ್ರಯತ್ನದಲ್ಲೇ ಹಣ ಹೋಗುತ್ತದೆ. ಸೇವೆ ನಿಜಕ್ಕೂ ಬೇಕಿದ್ದರೆ ಮಾತ್ರ ಏರಿಸಿ, ತೆರಿಗೆಗೂ ಸ್ವಲ್ಪ ಜಾಗ ಬಿಡಿ.

ಎಲ್ಲಿ ಕೈಕೊಡುತ್ತದೆ

- ಅಮೆಜಾನ್ ಪ್ರೈಮ್: ಒಂದು ಕಾರ್ಡ್ ನಡೆಯದಿದ್ದರೆ ಖಾತೆಯಲ್ಲಿರುವ ಬೇರೆ ಕಾರ್ಡಿಗೆ ಹಾಕಲು ಅವರ ಷರತ್ತಿನಲ್ಲೇ ಅವಕಾಶವಿದೆ. ಅಸಲಿ ಕಾರ್ಡ್ ಅಲ್ಲೇ ಇದ್ದರೆ ವರ್ಚುವಲ್ ಕಾರ್ಡ್ ಲೆಕ್ಕಕ್ಕಿಲ್ಲ.
- ಐಫೋನ್ ಆ್ಯಪ್ ಸ್ಟೋರ್ ಮೂಲಕ ತೆಗೆದುಕೊಂಡ ಟ್ರಯಲ್: ಹಣ ಆ್ಯಪಲ್ ಖಾತೆಯಿಂದ ಹೋಗುತ್ತದೆ. ಟ್ರಯಲ್ ಮುಗಿಯುವ 24 ಗಂಟೆ ಮೊದಲೇ ಅಲ್ಲಿಯೇ ರದ್ದು ಮಾಡಿ.
- ಕೆಲವು ಸೈಟ್‌ಗಳು ವರ್ಚುವಲ್ ಕಾರ್ಡನ್ನು ಪ್ರೀಪೇಡ್ ಅಂದುಕೊಂಡು ತಿರಸ್ಕರಿಸುತ್ತವೆ.
- ಕೆಲವು ಬ್ಯಾಂಕುಗಳ ವರ್ಚುವಲ್ ಕಾರ್ಡಿಗೆ ಲಾಕ್ ಮಾತ್ರ, ಮಿತಿ ಇಲ್ಲ. ಟ್ರಯಲ್ ಮುಗಿಯುವ 2 ದಿನ ಮೊದಲೇ ಲಾಕ್ ಮಾಡಿ.

ಕಾರ್ಡ್ ಕಳೆದಿದೆ ಅಂತ ಹೇಳಿ ಹೊಸದು ತರಿಸಿದರೆ ಚಂದಾ ತಪ್ಪುತ್ತದೆ ಅಂತ ನಮ್ಮ ಯುಗಾದಿ ಊಟದ ಸಾಲಿನಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ತಪ್ಪುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಎರಡಕ್ಕೂ ಹೊಸ ನಂಬರನ್ನು ವ್ಯಾಪಾರಿಗೆ ತಾನಾಗಿ ತಲುಪಿಸುವ ವ್ಯವಸ್ಥೆ ಇದೆ.

ಕಾರ್ಡ್ ನಿಂತರೆ ಒಪ್ಪಂದ ನಿಲ್ಲುವುದಿಲ್ಲ

ಹಣ ಹೋಗಲಿಲ್ಲ ಅಂದಮಾತ್ರಕ್ಕೆ ನೀವು ರದ್ದು ಮಾಡಿದ ಹಾಗಾಗುವುದಿಲ್ಲ. ವಿಡಿಯೋ ಸೇವೆಗಳಾದರೆ ಸಾಮಾನ್ಯವಾಗಿ ಖಾತೆ ನಿಲ್ಲಿಸಿ ಸುಮ್ಮನಾಗುತ್ತವೆ. ಆದರೆ ವರ್ಷದ ಕರಾರಿಗೆ ಸಹಿ ಹಾಕಿದ ಜಿಮ್‌ನಂಥ ಕಡೆ ಬಾಕಿ ಬೆಳೆಯುತ್ತದೆ, ವಸೂಲಿ ಏಜೆನ್ಸಿಗೆ ಹೋಗುತ್ತದೆ. ಅಲ್ಲಿಂದ ನಿಮ್ಮ ಕ್ರೆಡಿಟ್ ವರದಿಗೆ ಸೇರಿದರೆ 7 ವರ್ಷದವರೆಗೆ ಕೂತಿರಬಲ್ಲದು. ಹೊಸಬರ ವರದಿಯಲ್ಲಿ ಇರುವುದೇ ಎರಡು ಸಾಲು. ಅದರಲ್ಲೊಂದು ಕಪ್ಪು ಚುಕ್ಕೆ ಬಿದ್ದರೆ ಬಾಡಿಗೆ ಮನೆಗೂ ಕಾರ್ ಸಾಲಕ್ಕೂ ಅಡ್ಡ ಬರುತ್ತದೆ. ಆದ್ದರಿಂದ ಕರಾರಿನ ಸೇವೆಗೆ ಈ ಉಪಾಯ ಬಳಸಲೇಬೇಡಿ.

ಉಳಿದ ಕಡೆಯೂ ಕಾರ್ಡನ್ನು ಕಾವಲಿಗೆ ಮಾತ್ರ ಇಟ್ಟುಕೊಳ್ಳಿ. ಖಾತೆಯೊಳಗೆ ಹೋಗಿ ರದ್ದು ಮಾಡಿ, ದೃಢೀಕರಣದ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಮೇಲ್ ಜತೆ ಇಟ್ಟುಕೊಳ್ಳಿ, ಆಮೇಲೆ ಆ ವರ್ಚುವಲ್ ಕಾರ್ಡ್ ಮುಚ್ಚಿ.