ಬಟ್ಟೆ ಎಣಿಸಿದ ಮೇಲೆ ಗೊತ್ತಾಯಿತು

ಸಿಂಧನೂರಿನ ಕಡೆ ಒಂದು ಉಪಕೇಂದ್ರದಲ್ಲಿ ನಾನು ನರ್ಸ್. ಸುತ್ತಲೂ ಕಾಲುವೆ ನೀರಿನ ಭತ್ತದ ಗದ್ದೆಗಳು. ನಾಟಿ ಕೆಲಸದ ದಿನಗಳಲ್ಲಿ ತಲೆಸುತ್ತು, ಏದುಸಿರು ಅಂತ ಬರುವ ಹೆಣ್ಣುಮಕ್ಕಳು ಜಾಸ್ತಿ. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಿದ್ದೆ, ಕಡಿಮೆ ಇದ್ದರೆ ಕಬ್ಬಿಣದ ಕೆಂಪು ಗುಳಿಗೆ ಕೊಟ್ಟು ಕಳಿಸುತ್ತಿದ್ದೆ. ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುತ್ತಿರಲಿಲ್ಲ. ಅದು ನನ್ನ ತಪ್ಪು.

ಅದನ್ನು ತಿದ್ದಿದ್ದು 36 ವರ್ಷದ ಒಬ್ಬ ತಾಯಿ. ಎರಡು ಸಲ ಗುಳಿಗೆ ಒಯ್ದು, ಬಿಡದೆ ನುಂಗಿದ್ದರೂ ಅವರ ಹಿಮೋಗ್ಲೋಬಿನ್ 8.2ರಲ್ಲೇ ನಿಂತಿತ್ತು. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. "ಮುಟ್ಟು ಜಾಸ್ತಿ ಹೋಗ್ತದೇನ್ರಿ?" ಎಂದೆ. "ಇಲ್ರಿ ಸಿಸ್ಟರ್, ಎಲ್ಲಾರಿಗೂ ಹೋದಂಗ ಹೋಗ್ತದ" ಎಂದರು. ಪಾಪ, ಬೇರೆಯವರಿಗೆ ಎಷ್ಟು ಹೋಗುತ್ತದೆ ಎಂದು ಅವರಿಗಾದರೂ ಹೇಗೆ ಗೊತ್ತಿರಬೇಕು?

ಅದಕ್ಕೇ ಕೇಳುವ ರೀತಿ ಬದಲಿಸಿದೆ. ರಾತ್ರಿ ಬಟ್ಟೆ ಬದಲಿಸಲು ಏಳ್ತೀರಾ? ಒಂದರ ಮೇಲೆ ಒಂದು ಬಟ್ಟೆ ಹಾಕ್ತೀರಾ? ಗಡ್ಡೆ ಬೀಳ್ತದಾ? ಹಾಸಿಗೆಗೆ ಹತ್ತುತ್ತದಾ? ಎಲ್ಲಕ್ಕೂ ಹೂಂ ಅಂದರು. ಕೊನೆಗೆ ತಾವೇ ಹೇಳಿದರು: "ಎರಡನೇ ದಿನ ನಾಟಿಗೆ ಹೋಗಂಗಿಲ್ರಿ. ಬಗ್ಗಿದ್ರ ಸುರೀತದ." ಪ್ರತಿ ತಿಂಗಳು ಒಂದು ದಿನದ ಕೂಲಿ ಹೀಗೆ ಹೋಗುತ್ತಿತ್ತು.

ಹಳೆ ಸೀರೆ ಬಟ್ಟೆ ಒಂದೊಂದು ಒಂದೊಂದು ಅಳತೆ. ಅದರಿಂದ ಲೆಕ್ಕ ಸಿಗುವುದಿಲ್ಲ. ಆದ್ದರಿಂದ ಒಂದು ಮುಟ್ಟಿಗೆ ಸಾಕಾಗುವಷ್ಟು ಒಂದೇ ಬಗೆಯ ಪ್ಯಾಡ್ ಕೊಟ್ಟೆ. ಒಂದು ಹಾಳೆಯ ಮೇಲೆ ಮೂರು ಪ್ಯಾಡಿನ ಚಿತ್ರ ಬರೆದೆ: ಸ್ವಲ್ಪ ಕಲೆ, ಅರ್ಧದಷ್ಟು ಒದ್ದೆ, ಪೂರ್ತಿ ತೊಯ್ದದ್ದು. ಬದಲಿಸಿದಾಗೆಲ್ಲ ತಕ್ಕ ಚಿತ್ರದ ಕೆಳಗೆ ಒಂದು ಗೀಟು ಎಳೆಯಬೇಕು. ಓದು ಬರಹ ಬೇಕಿಲ್ಲ. ಮೊದಲನೆಯದಕ್ಕೆ 1 ಅಂಕ, ಎರಡನೆಯದಕ್ಕೆ 5, ಮೂರನೆಯದಕ್ಕೆ 20. ಒಂದು ರೂಪಾಯಿ ನಾಣ್ಯದಷ್ಟು ಗಡ್ಡೆಗೆ 1, ಹತ್ತು ರೂಪಾಯಿ ನಾಣ್ಯದಷ್ಟಕ್ಕೆ 5. ಒಟ್ಟು 100 ದಾಟಿದರೆ 80 ಮಿಲಿಲೀಟರ್‌ಗಿಂತ ಜಾಸ್ತಿ ಹೋಗಿರಬಹುದು ಎಂದು ಅರ್ಥ. ಸಾಮಾನ್ಯವಾಗಿ ಹೋಗುವುದು 30–40 ಮಿಲಿಲೀಟರ್.

ಹಾಳೆ ವಾಪಸ್ ಬಂತು. ಮೊದಲ ದಿನ ಅರ್ಧ ಒದ್ದೆಯಾದವು ಎರಡು, 10 ಅಂಕ. ಎರಡನೇ ದಿನ ಪೂರ್ತಿ ತೊಯ್ದವು ಐದು, ದೊಡ್ಡ ಗಡ್ಡೆ ಎರಡು: ಅದೊಂದೇ ದಿನ 110. ಮೂರನೇ ದಿನ 75, ನಾಲ್ಕನೇ ದಿನ 15, ಆಮೇಲೆ ಬರೀ ಕಲೆ, 4. ಒಟ್ಟು 214. ಅಂಕ ಅಂದರೆ ಮಿಲಿಲೀಟರ್ ಅಲ್ಲ, ಅಂದಾಜು ಅಷ್ಟೇ. ಎಷ್ಟು ಪ್ಯಾಡ್ ಆಯಿತು ಎಂದು ಮಾತ್ರ ಕೇಳಿದರೂ ಮೋಸ ಹೋಗುತ್ತೇವೆ. ಸ್ವಚ್ಛತೆಗೆ ಬೇಗ ಬದಲಿಸುವವರಿದ್ದಾರೆ, ಪ್ಯಾಡ್ ಉಳಿಸಲು ತೊಯ್ದರೂ ಬಿಡದವರಿದ್ದಾರೆ.

ಗುಳಿಗೆ ಯಾಕೆ ಸೋತಿತು ಎಂದು ಅವರಿಗೆ ಕಾಳು ತುಂಬಿಡುವ ಹಗೇವಿನ ಲೆಕ್ಕದಲ್ಲಿ ಹೇಳಿದೆ. ಊಟದಿಂದ ಮೈಗೆ ಹತ್ತುವ ಕಬ್ಬಿಣ ದಿನಕ್ಕೆ 1–2 ಮಿಲಿಗ್ರಾಂ. ಮುಟ್ಟಿಲ್ಲದಿದ್ದರೂ ದಿನಕ್ಕೆ ಸುಮಾರು 1 ಮಿಲಿಗ್ರಾಂ ಖರ್ಚಾಗುತ್ತದೆ. ರಕ್ತ ಸರಿಯಾಗಿರುವಾಗ 100 ಮಿಲಿಲೀಟರ್ ಹೋದರೆ ಅದರ ಜೊತೆ ಸುಮಾರು 40 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ತಿಂಗಳಿಗೆ ಹಂಚಿದರೆ ದಿನಕ್ಕೆ ಇನ್ನೂ ಒಂದೂವರೆ. ಹೀಗೆ ತೆಗೆಯುತ್ತಾ ಹೋದರೆ ಮೈಯೊಳಗಿನ ಕಬ್ಬಿಣದ ಹಗೇವು ಮೊದಲು ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಜೊತೆಗೆ ಅವರು ಗುಳಿಗೆಯನ್ನು ಚಹಾದ ಜೊತೆ ನುಂಗುತ್ತಿದ್ದರು. ಚಹಾ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಲಿಂಬೆ ನೀರಿನ ಜೊತೆ ತಗೊಳ್ಳಿ, ಚಹಾಕ್ಕೆ ಎರಡು ತಾಸು ಬಿಡಿ ಎಂದೆ.

ಗರ್ಭ ಇಲ್ಲ ಎಂದು ಮೊದಲೇ ಪರೀಕ್ಷೆ ಮಾಡಿದ್ದೆ. ಹಾಳೆ ಕೊಟ್ಟು ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಂಟು ಕಂಡಿತು. "ಗರ್ಭಕೋಶ ತಗಸಿಬಿಡು ಅಂತಾರ ಓಣ್ಯಾಗ" ಎಂದು ಹೆದರಿದ್ದರು. ವೈದ್ಯರು ಅದಕ್ಕೆ ಹೋಗಲಿಲ್ಲ. ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದೆಯಾ ಎಂದು ಕೇಳಿ, ಜಾಸ್ತಿ ಹೋಗುವ ದಿನಗಳಿಗೆ ಮಾತ್ರ ರಕ್ತ ಹೋಗುವುದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಬರೆದರು. ಕಬ್ಬಿಣದ ಗುಳಿಗೆ ಮುಂದುವರಿಯಿತು. ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆ ದಾಟಿದರೆ, ಅಥವಾ ಎಚ್ಚರ ತಪ್ಪಿದರೆ, ಹಾಳೆ ಬಿಟ್ಟು ಸೀದಾ ಆಸ್ಪತ್ರೆಗೆ ಹೋಗಿ ಎಂದೂ ಹೇಳಿದ್ದೆ.

ಮುಂದಿನ ಮುಟ್ಟಿನ ಹಾಳೆಯಲ್ಲಿ 96 ಇತ್ತು. ತಿಂಗಳಿಗೆ ಹಿಮೋಗ್ಲೋಬಿನ್ 9.5, ನಾಲ್ಕನೇ ತಿಂಗಳಿಗೆ 12.1. ಆ ಸಲ ಮುಟ್ಟಿನ ಎರಡನೇ ದಿನವೂ ನಾಟಿಗೆ ಹೋಗಿದ್ದರು.

"ಇನ್ನ ಗುಳಗಿ ಸಾಕಲ್ರಿ ಸಿಸ್ಟರ್?" ಎಂದರು. ರಕ್ತ ತುಂಬಿದೆ, ಹಗೇವು ಇನ್ನೂ ತುಂಬಿಲ್ಲ ಎಂದೆ. ಇನ್ನೂ ಮೂರು ತಿಂಗಳಿನ ಗುಳಿಗೆ ಎಣಿಸಿ ಅವರ ಸೆರಗಿಗೆ ಹಾಕಿದೆ.