ಪುಸ್ತಕದ ಕನ್ನಡ ಕಲಿತವರನ್ನು ವಾರ್ಡಿಗೆ ಕಳಿಸುವಾಗ

ಮಂಗಳೂರಿನಲ್ಲಿ ಹೊರರಾಜ್ಯದ ನರ್ಸಿಂಗ್ ವಿದ್ಯಾರ್ಥಿಗಳಿಗೆ ನಾನು ಕನ್ನಡ ಕಲಿಸುತ್ತೇನೆ. ಅವರು ಪುಸ್ತಕದಲ್ಲಿ ಓದುವುದು ‘ನಾನು ಮಾತ್ರೆಯನ್ನು ತೆಗೆದುಕೊಳ್ಳುತ್ತೇನೆ’ ಅಂತ. ವಾರ್ಡಿನಲ್ಲಿ ಕಿವಿಗೆ ಬೀಳುವುದು ‘ಮಾತ್ರೆ ತಗೊಳ್ತೇನೆ’. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರೂ ಇಲ್ಲಿ ಕಣ್ಣು ಕಣ್ಣು ಬಿಡುತ್ತಾರೆ.

ಮಾತಿನ ರೂಪಗಳನ್ನು ಬೇರೆಯಾಗಿ ಬಾಯಿಪಾಠ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಬರಹದ ವಾಕ್ಯವನ್ನೇ ಬೋರ್ಡಿನಲ್ಲಿ ಬರೆದು, ಒಂದೊಂದೇ ತುಂಡು ಅಳಿಸುತ್ತೇವೆ. ‘ನಾನು’ ಬೇಕಿಲ್ಲ, ಕ್ರಿಯಾಪದದಲ್ಲೇ ಅದು ಇದೆ. ‘ಯನ್ನು’ ಕೂಡ ಹೋಗುತ್ತದೆ. ಮಾತ್ರೆ, ನೀರು, ಊಟದಂಥವಕ್ಕೆ ಮಾತಿನಲ್ಲಿ ಸಾಮಾನ್ಯವಾಗಿ ಅದನ್ನು ಹಚ್ಚುವುದಿಲ್ಲ. ಮನುಷ್ಯರಿಗೆ ಮಾತ್ರ ಬೇಕೇ ಬೇಕು: ‘ಡಾಕ್ಟ್ರನ್ನು ಕರೀರಿ’. ಆಮೇಲೆ ‘ಕೊಳ್ಳುತ್ತೇನೆ’ಯ ನಡುವಿನ ಉಕಾರ ಅಳಿಸಿದರೆ ‘ಕೊಳ್ತೇನೆ’ ಉಳಿಯುತ್ತದೆ. ಬರುತ್ತದೆ, ಮಾಡುತ್ತಾರೆ, ಹೋಗಬೇಕು, ಎಲ್ಲದರಲ್ಲೂ ನಡುವಿನ ಸ್ವರ ಹೀಗೇ ಬೀಳುತ್ತದೆ. ‘ತೆಗೆದು’ ಮಾತ್ರ ಯಾಕೆ ಇಷ್ಟು ಸವೆಯಿತು ಎಂದು ಕೇಳಿದರೆ, ಜಾಸ್ತಿ ಬಳಸಿದ್ದು ಜಾಸ್ತಿ ಸವೆಯುತ್ತದೆ, ಸುಮ್ನೆ ಕಲಿತುಬಿಡಿ ಎನ್ನುತ್ತೇನೆ.

ಕೊನೆಯ ‘ಏನೆ’ಯನ್ನು ಅಳಿಸಲು ಬಿಡುವುದಿಲ್ಲ. ಮೈಸೂರು ಕಡೆ ‘ಮಾಡ್ತೀನಿ, ಬರುತ್ತೆ’ ಎನ್ನುತ್ತಾರೆ. ನಮ್ಮಲ್ಲಿ ‘ಮಾಡ್ತೇನೆ, ಬರ್ತದೆ’. ಬರಹದ ಬಾಲ ಹಾಗೆಯೇ ಉಳಿದಿದೆ. ಇಲ್ಲಿ ಬಹಳ ಜನರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಬಂದದ್ದು ಶಾಲೆಯಿಂದ. ಅದೇ ಕಾರಣ ಎಂದು ನನಗೆ ಅನಿಸುತ್ತದೆ. ಒಂದೇ ಭಾಷೆಗೆ ಬರಹಕ್ಕೊಂದು, ಮಾತಿಗೊಂದು ರೂಪ ಇರುವುದಕ್ಕೆ ಡೈಗ್ಲೋಸಿಯಾ ಎನ್ನುತ್ತಾರೆ. ಅದರ ಬಗ್ಗೆ 1959ರಲ್ಲಿ ಬರೆದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್, ಬರಹದ ರೂಪವನ್ನು ದಿನದ ಮಾತಿಗೆ ಯಾರೂ ಬಳಸುವುದಿಲ್ಲ ಎಂದಿದ್ದರು. ಮಂಗಳೂರಿನಲ್ಲಿ ಆ ಗೆರೆ ಅಷ್ಟು ಸ್ಪಷ್ಟ ಇಲ್ಲ ಅಲ್ವಾ? ಅಂಗಡಿಯಲ್ಲಿ ನಿಂತು ಪಾಠದ ಪುಸ್ತಕದಂತೆ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟು ಸಿಗುತ್ತಾರೆ.

ಅಳಿಸುವ ಉಪಾಯ ಸೋಲುವುದು ‘ಹೋಗುವ’ದಂಥ ಕಡೆ. ‘ಎಕ್ಸ್‌ರೇಗೆ ಹೋಗುವ’ ಎಂದು ಸಿಸ್ಟರ್ ಹೇಳಿದಾಗ ವಿದ್ಯಾರ್ಥಿ ಮುಂದಿನ ಪದಕ್ಕೆ ಕಾಯುತ್ತಾ ನಿಲ್ಲುತ್ತಾಳೆ. ಪುಸ್ತಕದಲ್ಲಿ ‘ಹೋಗುವ ದಾರಿ’, ‘ಹೋಗುವ ಬಸ್ಸು’ ಹೀಗೆ ಮುಂದೆ ಒಂದು ನಾಮಪದ ಇರಲೇಬೇಕು. ಇಲ್ಲಿನ ಮಾತಿನಲ್ಲಿ ಅದೇ ರೂಪ ಬರಹದ ‘ಹೋಗೋಣ’ದ ಕೆಲಸ ಮಾಡುತ್ತದೆ. ಗುರುತು ಸುಲಭ. ‘ಹೋಗುವ’ ಎಂದು ಮಾತು ಅಲ್ಲಿಗೇ ನಿಂತರೆ ಎದ್ದು ಹೊರಡಬೇಕು. ಇದನ್ನು ಬೋರ್ಡಿನಲ್ಲಿ ಕಲಿಸಲಾಗುವುದಿಲ್ಲ, ದನಿ ಕೇಳಿಸಿಯೇ ಕಲಿಸಬೇಕು. ಅದಕ್ಕೆ ಎರಡೂ ಬಗೆಯ ವಾಕ್ಯಗಳನ್ನು ನಾನೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟಿದ್ದೇನೆ.

ಉಡುಪಿ ದಾಟಿ ಕುಂದಾಪುರದ ಕಡೆಯ ರೋಗಿ ಬಂದರೆ ಈ ಯಾವುದೂ ಸಾಕಾಗುವುದಿಲ್ಲ. ಅಲ್ಲಿ ಕನ್ನಡವೇ ಮನೆಮಾತು, ಬಾಲವೂ ಬೇರೆ: ‘ಬರುತ್ತೇನೆ’ ಎನ್ನಲು ‘ಬತ್ತೆ’. ಎಳೆಯರು ನರ್ಸಿನ ಮುಖ ನೋಡಿ ಪುಸ್ತಕದ ಕನ್ನಡಕ್ಕೆ ತಿರುಗುತ್ತಾರೆ. ಅಜ್ಜಿಯಂದಿರು ತಿರುಗುವುದಿಲ್ಲ. ಅವರ ಜೊತೆಗೆ ಬಂದ ಮೊಮ್ಮಗಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ ಎಂದು ಹೇಳಿಕೊಟ್ಟಿದ್ದೇನೆ.