ಆಫರ್ ಬಂದ ಮೇಲೆ ತಪ್ಪುವ ಕೆಲಸ: ಹಿನ್ನೆಲೆ ಪರಿಶೀಲನೆಯಲ್ಲಿ ನನ್ನ ಅನುಭವ

ಬೆಂಗಳೂರಿನ ಮಧ್ಯಮ ಗಾತ್ರದ ಸಾಫ್ಟ್‌ವೇರ್ ಸೇವಾ ಸಂಸ್ಥೆಯೊಂದರಲ್ಲಿ ನೇಮಕಾತಿಯ ಜೊತೆಗೆ ಹೊಸಬರ ಹಿನ್ನೆಲೆ ಪರಿಶೀಲನೆಯನ್ನೂ ನೋಡಿಕೊಳ್ಳುತ್ತೇನೆ. ಸಂದರ್ಶನಗಳಲ್ಲೆಲ್ಲ ಗೆದ್ದು, ಆಫರ್ ಲೆಟರ್ ಪಡೆದು, ಹಳೆಯ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟ ಅಭ್ಯರ್ಥಿಗೆ ಕೊನೆಯ ವಾರದಲ್ಲಿ ಇಲ್ಲ ಎನ್ನಬೇಕಾಗಿ ಬರುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ. ಹಾಗೆ ತಿರಸ್ಕೃತರಾದವರ ಕಡತಗಳನ್ನು ಮತ್ತೆ ತೆರೆದು ಓದಿದಾಗ ನನಗೆ ಸ್ಪಷ್ಟವಾದದ್ದೆಂದರೆ, ಅವರಲ್ಲಿ ಬಹುಪಾಲು ಜನ ಇಲ್ಲದ ಕೆಲಸವನ್ನು ಇದೆ ಎಂದು ಹೇಳಿದವರಲ್ಲ. ತಾವು ಮಾಡಿದ ಕೆಲಸವನ್ನೇ ದಾಖಲೆಯಲ್ಲಿ ಇರುವುದಕ್ಕಿಂತ ಬೇರೆ ರೀತಿಯಲ್ಲಿ ಬರೆದವರು ಅವರು.

ಈ ವ್ಯತ್ಯಾಸ ಇಷ್ಟು ತಡವಾಗಿ ಹೊರಬೀಳುವುದಕ್ಕೆ ಕಾರಣ ನಮ್ಮ ಕೆಲಸದ ಕ್ರಮದಲ್ಲೇ ಇದೆ. ರೆಸ್ಯೂಮೆಯನ್ನು ಸಂದರ್ಶನ ಮಾಡುವವರು ಓದುತ್ತಾರೆ. ಅವರು ನೋಡುವುದು ಕೌಶಲವನ್ನೇ ಹೊರತು ತಾರೀಖುಗಳನ್ನಲ್ಲ. ಆಫರ್ ಒಪ್ಪಿಕೊಂಡ ಮೇಲಷ್ಟೇ ಅಭ್ಯರ್ಥಿ ಪರಿಶೀಲನೆಯ ನಮೂನೆಯನ್ನು ತುಂಬಿ ಒಪ್ಪಿಗೆಗೆ ಸಹಿ ಹಾಕುತ್ತಾರೆ, ಕಡತ ಪರಿಶೀಲನಾ ಏಜೆನ್ಸಿಗೆ ಹೋಗುತ್ತದೆ. ಏಜೆನ್ಸಿಯವರು ಹಿಂದಿನ ಪ್ರತಿಯೊಂದು ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆದು, ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಬಿಟ್ಟ ಕಾರಣ, ಮತ್ತೆ ಸೇರಿಸಿಕೊಳ್ಳಬಹುದೇ ಎಂಬುದನ್ನು ಕೇಳುತ್ತಾರೆ. ಉತ್ತರ ಬರಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಅಭ್ಯರ್ಥಿಯ 60 ಅಥವಾ 90 ದಿನಗಳ ನೋಟಿಸ್ ಅವಧಿ ಓಡುತ್ತಿರುತ್ತದೆ.

ವರದಿ ಬಂದಾಗ ಅದನ್ನು ಓದುವವರೂ ಬೇರೆ. ಸಂದರ್ಶನದಲ್ಲಿ ಆತನನ್ನು ಮೆಚ್ಚಿದ ಮ್ಯಾನೇಜರ್ ಕೈಗೆ ಅದು ಹೋಗುವುದಿಲ್ಲ. ಹಸಿರು, ಹಳದಿ, ಕೆಂಪು ಎಂಬ ಬಣ್ಣ ಹಚ್ಚಿಕೊಂಡು ಬರುವ ಆ ವರದಿಯನ್ನು ಸಂಸ್ಥೆಯ ಮೊದಲೇ ನಿಗದಿಯಾದ ನಿಯಮಗಳ ಪಟ್ಟಿಗೆ ಹೋಲಿಸಲಾಗುತ್ತದೆ. ನಮ್ಮಲ್ಲಿ ಸೇವಾವಧಿಯಲ್ಲಿ ಒಂದು ತಿಂಗಳೊಳಗಿನ ವ್ಯತ್ಯಾಸಕ್ಕೆ ವಿನಾಯಿತಿ ಇದೆ, ಅದಕ್ಕಿಂತ ಹೆಚ್ಚಾದರೆ ಹಳದಿ ಅಥವಾ ಕೆಂಪು. ಸೇವಾ ಸಂಸ್ಥೆಗಳಲ್ಲಿ ಇನ್ನೊಂದು ಬಿಗಿಯೂ ಉಂಟು: ಬ್ಯಾಂಕಿಂಗ್‌ನಂಥ ಕ್ಷೇತ್ರದ ಗ್ರಾಹಕರು ತಮ್ಮ ಕೆಲಸಕ್ಕೆ ಬರುವವರ ವರದಿ ಹಸಿರಾಗಿಯೇ ಇರಬೇಕೆಂದು ಒಪ್ಪಂದದಲ್ಲೇ ಬರೆಸಿಕೊಂಡಿರುತ್ತಾರೆ. ಆಗ ನಮಗೆ ಅಭ್ಯರ್ಥಿಯ ಮೇಲೆ ಎಷ್ಟೇ ನಂಬಿಕೆ ಇದ್ದರೂ ಆತನನ್ನು ಕೂರಿಸುವ ಜಾಗವೇ ಇರುವುದಿಲ್ಲ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಬ್ಬಳ್ಳಿ ಕಡೆಯ ಒಬ್ಬ ಟೆಸ್ಟಿಂಗ್ ಎಂಜಿನಿಯರ್ ನಮ್ಮಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಇದೇ ಹಂತದಲ್ಲಿ ತಿರಸ್ಕೃತರಾಗಿದ್ದರು. ಅದೃಷ್ಟಕ್ಕೆ ಅವರ ಆಗಿನ ಕಂಪನಿ ರಾಜೀನಾಮೆ ಹಿಂಪಡೆಯಲು ಒಪ್ಪಿತ್ತು. ಅವರ ರೆಸ್ಯೂಮೆಯಲ್ಲಿ ಎರಡೇ ಸಾಲು ಇದ್ದವು: ಒಂದು ದೊಡ್ಡ ಬಹುರಾಷ್ಟ್ರೀಯ ಕಂಪನಿಯಲ್ಲಿ ಜುಲೈ 2017ರಿಂದ ಡಿಸೆಂಬರ್ 2020ರವರೆಗೆ ಟೆಸ್ಟ್ ಲೀಡ್, ಅನಂತರ ಜನವರಿ 2021ರಿಂದ ಈಗಿನ ಕಂಪನಿ. ಮೊದಲ ಕಂಪನಿ ಏಜೆನ್ಸಿಗೆ ಕೊಟ್ಟ ಉತ್ತರ ಬೇರೆಯೇ ಆಗಿತ್ತು: ಸೇರಿದ್ದು 1 ಜುಲೈ 2019, ಬಿಟ್ಟದ್ದು 13 ನವೆಂಬರ್ 2020, ಹುದ್ದೆ ಸೀನಿಯರ್ ಎಂಜಿನಿಯರ್. ಹೇಳಿಕೊಂಡದ್ದಕ್ಕಿಂತ ಸುಮಾರು ಎರಡು ವರ್ಷ ಕಡಿಮೆ ಸೇವೆ ಎಂದು ವರದಿ ಕೆಂಪಾಯಿತು.

"ಮೇಡಂ, ಮೂರು ವರ್ಷಕ್ಕೂ ಹೆಚ್ಚು ಅದೇ ಕಟ್ಟಡದಲ್ಲಿ, ಅದೇ ತಂಡದಲ್ಲಿ ಕೆಲಸ ಮಾಡಿದ್ದೇನೆ, ನಾನು ಸುಳ್ಳು ಹೇಳಿಲ್ಲ" ಎಂದರು ಅವರು. ಅವರ ಮಾತು ನಿಜವಾಗಿತ್ತು. ನೌಕರರ ಭವಿಷ್ಯ ನಿಧಿ ಸಂಘಟನೆಯ ಸದಸ್ಯರ ಪೋರ್ಟಲ್‌ನಲ್ಲಿ Service History ಪುಟ ತೆರೆಯಲು ಹೇಳಿದೆ. ಅಲ್ಲಿ ಎರಡರ ಬದಲು ಮೂರು ಸಂಸ್ಥೆಗಳಿದ್ದವು. 24 ಜುಲೈ 2017ರಿಂದ 30 ಜೂನ್ 2019ರವರೆಗೆ ಅವರ ಪಿಎಫ್ ಕಟ್ಟಿದ್ದು ಜನಬಲ ಒದಗಿಸುವ ಒಂದು ಗುತ್ತಿಗೆ ಕಂಪನಿ. ಅದರ ಸಂಬಳಪಟ್ಟಿಯಲ್ಲಿದ್ದುಕೊಂಡೇ ಅವರು ಬಹುರಾಷ್ಟ್ರೀಯ ಕಂಪನಿಯ ಕಚೇರಿಯಲ್ಲಿ ಕೆಲಸ ಮಾಡಿದ್ದರು, ಎರಡು ವರ್ಷಗಳ ನಂತರ ಅಲ್ಲಿಯೇ ಕಾಯಂ ಆಗಿದ್ದರು. ಕೆಲಸ ಎಲ್ಲಿ ಮಾಡಿದಿರಿ ಎಂಬ ಪ್ರಶ್ನೆಗೆ ಅವರ ರೆಸ್ಯೂಮೆ ಉತ್ತರಿಸುತ್ತಿತ್ತು. ಪರಿಶೀಲನೆ ಕೇಳುವುದು ಸಂಬಳ ಕೊಟ್ಟವರು ಯಾರು ಎಂಬುದನ್ನು. ಗುತ್ತಿಗೆ ಕಂಪನಿಯ ಹೆಸರನ್ನೇ ಯಾರೂ ಹೇಳದಿದ್ದುದರಿಂದ ಏಜೆನ್ಸಿ ಅಲ್ಲಿಗೆ ಬರೆಯಲೇ ಇಲ್ಲ. ನಮ್ಮ ಊರಿನಲ್ಲಿ ಗುತ್ತಿಗೆಯಿಂದ ಕಾಯಂ ಆಗುವ ಪದ್ಧತಿ ಎಷ್ಟು ಸಾಮಾನ್ಯವೋ, ಅದನ್ನು ಒಂದೇ ಸಾಲಿಗೆ ಸೇರಿಸಿ ಬರೆಯುವ ರೂಢಿಯೂ ಅಷ್ಟೇ ಸಾಮಾನ್ಯ. ಗುತ್ತಿಗೆಯ ಹೆಸರು ಕಂಡರೆ ತಮ್ಮ ಬೆಲೆ ಇಳಿಯುತ್ತದೆಂಬ ಭಯ ಅದಕ್ಕೆ ಕಾರಣ. ಆ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ, ಅದರಿಂದ ಇಂಥವರ ಬಗ್ಗೆ ನನಗೆ ಸಹಾನುಭೂತಿ ಇದೆ.

ಇದರ ಕೆಳಗೆ ಎರಡನೆಯ ತೊಡಕೊಂದು ಅಡಗಿತ್ತು. ತಿಂಗಳ ಹೆಸರಷ್ಟೇ ಬರೆದಾಗ, ಬಿಟ್ಟ ತಿಂಗಳನ್ನು ಅದರ ಕೊನೆಯ ದಿನವೆಂದೂ ಸೇರಿದ ತಿಂಗಳನ್ನು ಅದರ ಮೊದಲ ದಿನವೆಂದೂ ಓದಲಾಗುತ್ತದೆ. ಹಾಗಾಗಿ ಡಿಸೆಂಬರ್ 2020 ಎಂದರೆ ಡಿಸೆಂಬರ್ 31. ಅವರು ನಿಜವಾಗಿ ಬಿಟ್ಟದ್ದು ನವೆಂಬರ್ 13ಕ್ಕೆ, ಅಂದರೆ 48 ದಿನಗಳ ವ್ಯತ್ಯಾಸ. ಮುಂದಿನ ಕಂಪನಿಗೆ ಅವರು ಸೇರಿದ್ದು 18 ಜನವರಿ 2021ರಂದು. ನಡುವೆ 65 ದಿನ ಅವರು ಕೆಲಸದಲ್ಲಿರಲಿಲ್ಲ. ತಂದೆಯ ಶಸ್ತ್ರಚಿಕಿತ್ಸೆಗಾಗಿ ಊರಿನಲ್ಲಿದ್ದರು. ಹೇಳಿಕೊಳ್ಳಲು ಯಾವ ಸಂಕೋಚವೂ ಬೇಕಿಲ್ಲದ ಅಂತರ ಅದು. ಆದರೆ ರೆಸ್ಯೂಮೆಯಲ್ಲಿ ಅದು ಕಾಣದಿದ್ದುದರಿಂದ, ವರದಿ ಓದುವವರಿಗೆ ಮುಚ್ಚಿಟ್ಟ ಅಂತರವಾಗಿ ಕಂಡಿತು.

ನಮ್ಮಲ್ಲಿ ಅವರ ಕಡತವನ್ನು ಏಜೆನ್ಸಿಗೆ ಕಳಿಸುವ ಮೊದಲು ನಾವಿಬ್ಬರೂ ಕುಳಿತು ನಮೂನೆಯನ್ನು ದಾಖಲೆಗಳ ಭಾಷೆಯಲ್ಲೇ ತುಂಬಿದೆವು. ಉದ್ಯೋಗದಾತರ ಜಾಗದಲ್ಲಿ ಗುತ್ತಿಗೆ ಕಂಪನಿಯ ಹೆಸರು, ಷರಾದಲ್ಲಿ ಕೆಲಸ ಮಾಡಿದ ಸ್ಥಳವಾಗಿ ಬಹುರಾಷ್ಟ್ರೀಯ ಕಂಪನಿಯ ಹೆಸರು; ಪ್ರತಿಯೊಂದು ತಾರೀಖೂ ದಿನದ ಸಮೇತ; ಹುದ್ದೆಯ ಜಾಗದಲ್ಲಿ ರಿಲೀವಿಂಗ್ ಲೆಟರ್‌ನಲ್ಲಿದ್ದ ಸೀನಿಯರ್ ಎಂಜಿನಿಯರ್, ನಿರ್ವಹಿಸಿದ ಪಾತ್ರವಾಗಿ ಟೆಸ್ಟ್ ಲೀಡ್; 65 ದಿನಗಳ ಅಂತರಕ್ಕೆ ಎರಡು ಸಾಲಿನ ಕಾರಣ. ರೆಸ್ಯೂಮೆಯನ್ನೂ ಅದಕ್ಕೆ ತಕ್ಕಂತೆ ತಿದ್ದಿಸಿ, ಬದಲಾದದ್ದು ಏನೆಂದು ಸಂದರ್ಶನ ಮಾಡಿದ ಮ್ಯಾನೇಜರ್‌ಗೆ ನಾನೇ ಬರೆದು ತಿಳಿಸಿದೆ. ಗುತ್ತಿಗೆ ಕಂಪನಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಉತ್ತರಿಸುವವರು ಇಲ್ಲದಾಗ ಏಜೆನ್ಸಿ ಅದನ್ನು ಪರಿಶೀಲಿಸಲಾಗಲಿಲ್ಲ ಎಂದು ಬರೆಯುತ್ತದೆ. ಆ ಷರಾ ಕೂಡ ಹಸಿರಲ್ಲವಾದ್ದರಿಂದ, ಮೊದಲೇ ಬದಲಿ ಪುರಾವೆಗಳನ್ನು ಲಗತ್ತಿಸಿದೆವು: ನೇಮಕಾತಿ ಪತ್ರ, ಮೊದಲ ಮತ್ತು ಕೊನೆಯ ತಿಂಗಳ ಸಂಬಳ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪುಟಗಳು, ಪಿಎಫ್ ಪಾಸ್‌ಬುಕ್, ಜೊತೆಗೆ ಆದಾಯ ತೆರಿಗೆಯ ಫಾರ್ಮ್ 26ಎಎಸ್. ತೆರಿಗೆ ಕಡಿತಗೊಳಿಸಿದವರ ಹೆಸರೂ ಸಂಬಳ ಪಾವತಿಯ ದಿನಾಂಕಗಳೂ ಆ ಕೊನೆಯ ದಾಖಲೆಯಲ್ಲಿ ಇರುತ್ತವೆ, ಅದನ್ನು ಅಭ್ಯರ್ಥಿಯಾಗಲಿ ಹಳೆಯ ಕಂಪನಿಯಾಗಲಿ ತಾವೇ ಬರೆದುಕೊಡುವಂತಿಲ್ಲ. ವರದಿ ಹಸಿರಾಗಿ ಬಂತು. ನಡೆದ ಸಂಗತಿಗಳೆಲ್ಲ ಹಿಂದಿನವೇ. ಆದರೆ ಈ ಬಾರಿ ಏಜೆನ್ಸಿ ಸರಿಯಾದ ಬಾಗಿಲನ್ನು ತಟ್ಟಿತು.

ಈಗ ಈ ಹೆಜ್ಜೆಯನ್ನು ಎಲ್ಲರಿಗೂ ಆಫರ್‌ಗೆ ಮೊದಲೇ ಇಟ್ಟಿದ್ದೇನೆ. ಅಭ್ಯರ್ಥಿ ಯುಎಎನ್ ಎಂಬ ತಮ್ಮ 12 ಅಂಕಿಯ ಪಿಎಫ್ ಸಂಖ್ಯೆ ಬಳಸಿ ಪೋರ್ಟಲ್‌ಗೆ ತಾವೇ ಲಾಗಿನ್ ಆಗಿ, ಸೇವಾ ಇತಿಹಾಸದ ಪುಟವನ್ನು ಇಳಿಸಿಕೊಂಡು ಕಳಿಸುತ್ತಾರೆ. ಪಾಸ್‌ವರ್ಡ್ ಅಥವಾ ಒಟಿಪಿಯನ್ನು ನಾನು ಎಂದಿಗೂ ಕೇಳುವುದಿಲ್ಲ, ಕೇಳುವವರಿಗೆ ಯಾರೂ ಕೊಡಲೂಬಾರದು. ಹಳೆಯ ಕಂಪನಿಗಳ ಪರಿಶೀಲನೆಯನ್ನು, ಲಿಖಿತ ಒಪ್ಪಿಗೆ ಪಡೆದು, ರಾಜೀನಾಮೆಗೆ ಮುಂಚೆಯೇ ಮುಗಿಸುತ್ತೇವೆ.

ಪಿಎಫ್ ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದರಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಕೆಲಸ ಇರಲಿಲ್ಲ ಎಂದಾಗದು: 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳು ಸಾಮಾನ್ಯವಾಗಿ ಪಿಎಫ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ತಿಂಗಳಿಗೆ 15,000 ರೂಪಾಯಿಗಿಂತ ಹೆಚ್ಚಿನ ಮೂಲವೇತನದಲ್ಲಿ ಮೊದಲ ಬಾರಿ ಕೆಲಸಕ್ಕೆ ಸೇರಿದವರು ಹೊರಗುಳಿಯಲು ಅವಕಾಶವಿತ್ತು. ಬಿಟ್ಟ ದಿನವೂ ತಪ್ಪಾಗಿರಬಹುದು. ಹಳೆಯ ಕಂಪನಿ ಅದನ್ನು ನಮೂದಿಸದಿದ್ದರೆ, ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ನೌಕರರೇ Mark Exit ಮೂಲಕ ನಮೂದಿಸಬಹುದು. ಆಗ ಕೊನೆಯ ವಂತಿಗೆಯ ತಿಂಗಳಿನೊಳಗಿನ ಯಾವ ದಿನವನ್ನಾದರೂ ಹಾಕಲು ಬರುತ್ತದೆ. ಹಾಗಾಗಿ ರಿಲೀವಿಂಗ್ ಲೆಟರ್‌ನ ದಿನಕ್ಕೂ ಇದಕ್ಕೂ ಕೆಲವು ದಿನಗಳ ಅಂತರ ಕಂಡರೆ ನಾನು ಗಾಬರಿಯಾಗುವುದಿಲ್ಲ.

ನಾನು ಹೆಚ್ಚು ಹೊತ್ತು ನೋಡುವುದು ಎರಡು ಸೇವೆಗಳು ಒಂದರ ಮೇಲೊಂದು ಬಿದ್ದಿರುವ ಕಡೆಗಳನ್ನು. 2022ರಲ್ಲಿ ಒಂದೇ ಕಾಲಕ್ಕೆ ಎರಡು ಕಡೆ ದುಡಿಯುವವರ ವಿಷಯ ಐಟಿ ವಲಯದಲ್ಲಿ ದೊಡ್ಡ ಚರ್ಚೆಯಾದ ಮೇಲೆ, ಸೇವೆಗಳು ಹೀಗೆ ಒಂದರ ಮೇಲೊಂದು ಬಿದ್ದದ್ದು ಕಂಡೊಡನೆ ಕೆಂಪು ಹಚ್ಚುವ ಪ್ರವೃತ್ತಿ ಬೆಳೆದಿದೆ. ಪಾಸ್‌ಬುಕ್‌ನಲ್ಲಿ ಆಯಾ ತಿಂಗಳ ವೇತನವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಕಂಪನಿಯ ಕಡೆಯಿಂದ ಒಂದೇ ತಿಂಗಳು, ಅದೂ ಅರ್ಧಂಬರ್ಧ ಮೊತ್ತಕ್ಕೆ ವಂತಿಗೆ ಬಂದಿದ್ದರೆ ಅದು ಬಹುತೇಕ ಬಾಕಿ ಸಂಬಳದ ಲೆಕ್ಕ. ಎರಡೂ ಕಡೆಯಿಂದ ಹಲವು ತಿಂಗಳು ಪೂರ್ಣ ವೇತನದ ಮೇಲೆ ವಂತಿಗೆ ಬಂದಿದ್ದರೆ ಅದಕ್ಕೆ ವಿವರಣೆ ಕೊಡುವ ಹೊಣೆ ಅಭ್ಯರ್ಥಿಯದೇ.

ನಿಜವಾದ ಸುಳ್ಳುಗಳೂ ಇವೆ. ಹಣಕ್ಕೆ ಅನುಭವ ಪತ್ರ ಮಾರುವ ಕಂಪನಿಗಳ ಹೆಸರು ಬಂದಾಗ ಗುರುತುಗಳು ಒಟ್ಟಿಗೇ ಸಿಗುತ್ತವೆ: ಪತ್ರ ಇದೆ, ಸಂಬಳ ಚೀಟಿ ಇದೆ, ಆದರೆ ಬ್ಯಾಂಕ್‌ನಲ್ಲಿ ಜಮೆ ಇಲ್ಲ, 26ಎಎಸ್‌ನಲ್ಲಿ ಹೆಸರಿಲ್ಲ, ಪಿಎಫ್ ಇಲ್ಲ. ಒಂದು ದಾಖಲೆ ಇಲ್ಲದಿರಲು ಕಾರಣಗಳಿರಬಹುದು. ಹಣದ ಜಾಡೇ ಎಲ್ಲಿಯೂ ಇಲ್ಲದ ಎರಡು ವರ್ಷದ ಸಂಬಳ ನಂಬಲು ಸಾಧ್ಯವಿಲ್ಲ. ಅಂಥ ಕಡತಗಳನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ, ನಮೂನೆ ತಿದ್ದಲು ನೆರವಾಗುವುದೂ ಇಲ್ಲ.

ಮುಂಚಿತವಾಗಿ ಮುಗಿಸಲಾಗದ ಒಂದು ಭಾಗ ಉಳಿದೇ ಇರುತ್ತದೆ, ಅದು ಆಗ ಕೆಲಸ ಮಾಡುತ್ತಿರುವ ಕಂಪನಿಯದು. ರಾಜೀನಾಮೆಗೆ ಮುಂಚೆ ಅಲ್ಲಿಗೆ ಬರೆದರೆ ಅಭ್ಯರ್ಥಿಯ ಈಗಿನ ಕೆಲಸಕ್ಕೇ ಕುತ್ತು. ಹಾಗಾಗಿ ಅಲ್ಲಿಯವರೆಗೆ ಸಂಬಳ ಚೀಟಿ ಮತ್ತು ಪಿಎಫ್ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡು, ರಿಲೀವಿಂಗ್ ಲೆಟರ್ ಬಂದ ನಂತರವೇ ಪತ್ರ ಬರೆಯುತ್ತೇವೆ. ಮೇಲೆ ಹೇಳಿದ ಎಂಜಿನಿಯರ್ ವಿಷಯದಲ್ಲಿ ಅವರ ಕಂಪನಿ, ಲ್ಯಾಪ್‌ಟಾಪ್ ಹಿಂದಿರುಗಿಸಿದ್ದು ದಾಖಲಾಗಿಲ್ಲವೆಂದು, ಅವರ ನಿರ್ಗಮನ ಪ್ರಕ್ರಿಯೆ ಬಾಕಿ ಇದೆ ಎಂದು ಮೊದಲು ಉತ್ತರಿಸಿತು. ಕೊರಿಯರ್ ರಸೀದಿಯನ್ನು ಅವರು ಉಳಿಸಿಕೊಂಡಿದ್ದರಿಂದ ಅದನ್ನು ಕಳಿಸಿ, ತಿದ್ದಿದ ಉತ್ತರ ತರಿಸಿಕೊಂಡು, ಕಡತವನ್ನು ಮುಚ್ಚಿದೆವು.